ಅನ್ನ ಇಳಿಯುತ್ತದೆ, ಉಗುಳು ಇಳಿಯುವುದಿಲ್ಲ

*ನನಗೆ 34 ವರ್ಷ. ಗೊಬ್ಬರದ ಅಂಗಡಿ ಇದೆ. ಎರಡು ತಿಂಗಳಿಂದ ರಾತ್ರಿ ಮಲಗುವ ಹೊತ್ತಿಗೆ ಯಾರೋ ಹಿಚುಕಿದ ಹಾಗೆ ಗಂಟಲು ಬಿಗಿಯುತ್ತದೆ. ಉಗುಳು ನುಂಗಲು ಆಗುವುದಿಲ್ಲ, ಬೆರಳು ಜುಮ್ ಅನ್ನುತ್ತವೆ, ಎದ್ದು ಓಡಾಡುತ್ತೇನೆ. ಎರಡು ಸಲ ಆಸ್ಪತ್ರೆಗೆ ಹೋದೆ. ಆಕ್ಸಿಜನ್ 99 ಇದೆ, ಟೆನ್ಶನ್ ಅಷ್ಟೇ ಅಂದರು. ಊಟ ಮಾತ್ರ ಸಲೀಸಾಗಿ ಹೋಗುತ್ತದೆ. ನಿಜವಾಗಿ ಉಸಿರು ಕಟ್ಟಿದರೆ ತಿಳಿಯುವುದು ಹೇಗೆ?*
*— ಒಬ್ಬ ಓದುಗರು, ಸಿಂಧನೂರು*

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಊಟದ್ದು. ನೀವು ಅದನ್ನು ಸುಮ್ನೆ ಕೊನೆಯಲ್ಲಿ ಸೇರಿಸಿದ್ದೀರಿ.

ಗಂಟಲಲ್ಲಿ ಎರಡು ಕೊಳವೆಗಳಿವೆ. ಮುಂದೆ ಉಸಿರಿನದು, ಹಿಂದೆ ಅನ್ನದ್ದು. ಉಸಿರಿನ ಕೊಳವೆಗೆ ಗಟ್ಟಿ ಮೃದ್ವಸ್ಥಿಯ ಬಳೆಗಳ ಆಸರೆ ಇದೆ, ಅದು ಸುಲಭಕ್ಕೆ ಮುಚ್ಚಿಕೊಳ್ಳುವುದಿಲ್ಲ. ಅನ್ನನಾಳದ ಬಾಯಿಗೆ ಮಾತ್ರ ಸ್ನಾಯುವಿನ ಒಂದು ಪಟ್ಟಿ ಇದೆ. ನುಂಗುವಾಗ ಸಡಿಲವಾಗಿ, ಉಳಿದ ಹೊತ್ತು ಬಿಗಿಯಾಗಿರುತ್ತದೆ. ಹೆದರಿಕೆಯಾದಾಗ ಅದು ಇನ್ನಷ್ಟು ಬಿಗಿಯಬಹುದು. ಆ ಬಿಗಿತವೇ ನಮಗೆ ಹಿಚುಕಿದ ಹಾಗೆ, ಉಂಡೆ ಸಿಕ್ಕಿದ ಹಾಗೆ ಅನ್ನಿಸುತ್ತದೆ. ಉಸಿರಿನ ದಾರಿ ಮಾತ್ರ ತೆರೆದೇ ಇರುತ್ತದೆ.

ಹಾಗಾದರೆ ಉಗುಳು ಯಾಕೆ ಇಳಿಯುವುದಿಲ್ಲ? ಈಗಲೇ ಬಾಯಿಗೆ ಏನೂ ಹಾಕದೆ ನಾಲ್ಕೈದು ಸಲ ಒಂದರ ಹಿಂದೊಂದು ನುಂಗಿ ನೋಡಿ. ಮೂರನೆಯದೋ ನಾಲ್ಕನೆಯದೋ ಹೊತ್ತಿಗೆ ಕಷ್ಟವಾಗುತ್ತದೆ. ಹೆದರಿಕೆಯೇ ಇಲ್ಲದ ನನಗೂ ಆಗುತ್ತದೆ. ನುಂಗಲು ಬಾಯಲ್ಲಿ ಏನಾದರೂ ಇರಬೇಕಲ್ವಾ? ನೀವು ಮಂಚದ ಮೇಲೆ ಕೂತು ಗಂಟಲು ಸರಿಯಿದೆಯಾ ಎಂದು ಮತ್ತೆ ಮತ್ತೆ ನುಂಗುತ್ತೀರಿ, ಬಾಯಿ ಒಣಗುತ್ತದೆ, ಪರೀಕ್ಷೆ ಸೋಲುತ್ತದೆ, ಹೆದರಿಕೆ ಏರುತ್ತದೆ. ಅನ್ನ, ನೀರು ಸರಾಗವಾಗಿ ಇಳಿದು, ಬರಿ ಉಗುಳು ಮಾತ್ರ ಸಿಕ್ಕಿಕೊಂಡರೆ ಅದು ಹೆಚ್ಚಾಗಿ ಈ ಸ್ನಾಯುವಿನ ಕೆಲಸ.

ಬೆರಳು ಜುಮ್ ಅನ್ನುವುದಕ್ಕೂ ಕಾರಣವಿದೆ. ಗಾಳಿ ಸಾಲದು ಅನ್ನಿಸಿ ದೊಡ್ಡ ದೊಡ್ಡ ಉಸಿರು ತೆಗೆಯುತ್ತೀರಿ. ಆಕ್ಸಿಜನ್ ಮೊದಲೇ ತುಂಬಿದೆ, ಜಾಸ್ತಿ ಹೊರಹೋಗುವುದು ಇಂಗಾಲದ ಡೈಆಕ್ಸೈಡ್. ಅದು ಕಡಿಮೆಯಾದರೆ ಬೆರಳು, ತುಟಿಯ ಸುತ್ತ ಜುಮ್ ಅನ್ನುತ್ತದೆ, ತಲೆ ತಿರುಗುತ್ತದೆ. ಆ ಹೊತ್ತಿಗೆ ಆಳವಾಗಿ ಉಸಿರೆಳೆಯಿರಿ ಎಂಬ ಸಲಹೆ ಉಲ್ಟಾ ಹೊಡೆಯುತ್ತದೆ. ಮೂಗಿನಿಂದ ಮೆತ್ತಗೆ ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ನಡುನಡುವೆ ಒಂದೊಂದು ಗುಟುಕು ನೀರು. ಈ ಹೆದರಿಕೆಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ.

ಇನ್ನು ನಿಜವಾಗಿ ಕಟ್ಟಿದ್ದು. ಬಳ್ಳಾರಿಯ ಒಂದು ಮದುವೆ ಊಟದಲ್ಲಿ ಕಣ್ಣಾರೆ ಕಂಡೆ. ಹಿರಿಯರೊಬ್ಬರಿಗೆ ಮಟನ್ ತುಂಡು ಸಿಕ್ಕಿಕೊಂಡಿತು. ಅವರು ನನ್ನ ಹತ್ತಿರದಲ್ಲೇ ಇದ್ದರೂ ಸದ್ದೇ ಇರಲಿಲ್ಲ. ಕೆಮ್ಮಿಲ್ಲ, ಮಾತಿಲ್ಲ, ಎರಡೂ ಕೈ ಗಂಟಲ ಮೇಲೆ. ನೆತ್ತಿ ಹತ್ತಿತು ಎಂದು ಯಾರೋ ತಲೆ ತಟ್ಟಿದರು, ಇನ್ನೊಬ್ಬರು ನೀರಿನ ಲೋಟ ಹಿಡಿದರು. ಎರಡೂ ತಪ್ಪು. ಅವರ ಅಳಿಯ ಮುಂದಕ್ಕೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ ಜೋರಾಗಿ ಗುದ್ದಿದ. ನಾಲ್ಕನೇ ಗುದ್ದಿಗೆ ತುಂಡು ಹೊರಬಂತು. ಐದು ಗುದ್ದಿಗೂ ಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕಳಿಗಿಂತ ತುಸು ಮೇಲೆ, ಎದೆಗೂಡಿನ ಕೆಳಗೆ ಮುಷ್ಟಿ ಇಟ್ಟು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು, ಹೀಗೆ ಎರಡನ್ನೂ ಸರದಿಯಲ್ಲಿ ಮಾಡಬೇಕು. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ.

ನೀವು ಆ ರಾತ್ರಿ ಮನೆಯವರನ್ನು ಕರೆದು, ಆಸ್ಪತ್ರೆಗೆ ಹೋಗೋಣ ಎಂದು ಪೂರ್ತಿ ವಾಕ್ಯ ಹೇಳಿರುತ್ತೀರಿ. ಅದು ಒಳ್ಳೆಯ ಗುರುತು. ಆದರೆ ಅದೊಂದನ್ನೇ ನಂಬಬೇಡಿ. ಉಸಿರು ಎಳೆಯುವಾಗ ಗೊರ್ ಅಥವಾ ಸೀಟಿಯಂಥ ಸದ್ದು, ದನಿ ಹೂತುಹೋಗುವುದು, ಜೊಲ್ಲು ಸುರಿಯುವುದು, ತುಟಿ ನಾಲಿಗೆ ಊದುವುದು, ಮೈಮೇಲೆ ದದ್ದು, ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೊಸ ಮಾತ್ರೆ ನುಂಗಿದ ಮೇಲೋ, ಜೇನು ಕಚ್ಚಿದ ಮೇಲೋ ಹೀಗಾದರೆ ಅದು ಅಲರ್ಜಿ ಇರಬಹುದು, ಅಡ್ರಿನಲಿನ್ ಇಂಜೆಕ್ಷನ್ ಬೇಕಾಗುತ್ತದೆ. ಆಗ ಬೆರಳಿಗೆ ಸಿಕ್ಕಿಸುವ ಯಂತ್ರ 99 ತೋರಿಸಿತು ಎಂದು ಕಾಯಬೇಡಿ. ಗಂಟಲು ಅರ್ಧ ಮುಚ್ಚಿದ್ದರೂ ಆಕ್ಸಿಜನ್ ಸ್ವಲ್ಪ ಹೊತ್ತು ಸರಿಯಾಗಿಯೇ ಇರುತ್ತದೆ, ತಡವಾಗಿ ಬೀಳುತ್ತದೆ. ನಡೆದಾಗ ಗಂಟಲು ಬಿಗಿದು, ನಿಂತರೆ ಬಿಡುತ್ತಿದ್ದರೆ ಹೃದಯದ ಪರೀಕ್ಷೆ ಮೊದಲು ಆಗಬೇಕು.

ಒಂದು ಮಾತು ನಿಮ್ಮ ವೈದ್ಯರಿಗೂ ಸಲ್ಲಬೇಕು. "ಟೆನ್ಶನ್ ಅಷ್ಟೇ" ಎಂದು ಚೀಟಿ ಹರಿದು ಕೊಟ್ಟರೆ ಸಾಲದು. ಎರಡು ತಿಂಗಳಾಗಿದೆ, ಕಿವಿ ಮೂಗು ಗಂಟಲಿನ ವೈದ್ಯರಿಗೆ ಒಮ್ಮೆ ತೋರಿಸಿ. ರಾತ್ರಿ ಹತ್ತಕ್ಕೆ ಮಂಡಕ್ಕಿ ಮಿರ್ಚಿ ತಿಂದು ಹಾಗೇ ಮಲಗುವ ಅಭ್ಯಾಸವಿದ್ದರೆ ಅದನ್ನೂ ಹೇಳಿ, ಹುಳಿ ಮೇಲೆ ಬರುವುದರಿಂದಲೂ ಈ ಬಿಗಿತ ಆಗುತ್ತದೆ. ಗುಟ್ಕಾ ಇದ್ದರೆ ಮುಚ್ಚಿಡಬೇಡಿ. ರೊಟ್ಟಿ ಸಿಕ್ಕಿಕೊಳ್ಳತೊಡಗಿದರೆ, ತೂಕ ಇಳಿದರೆ, ಮೂರು ವಾರಕ್ಕೂ ಮೇಲೆ ದನಿ ಒಡೆದಿದ್ದರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ ಆ ವಾರವೇ ಹೋಗಿ. ಇವು ಯಾವುವೂ ಇಲ್ಲದೆ ಗಂಟಲೂ ಸರಿಯಿದೆ ಎಂದು ಅವರು ಹೇಳಿದರೆ ಮುಂದಿನ ಭೇಟಿ ಮನೋವೈದ್ಯರದ್ದು. ನಾನು ಹೇಳಿದ ನುಂಗುವ ಪರೀಕ್ಷೆ ಹಗಲಲ್ಲಿ ಒಮ್ಮೆ ಸಾಕು. ರಾತ್ರಿ ತಲೆದಿಂಬಿನ ಪಕ್ಕ ಒಂದು ತಂಬಿಗೆ ನೀರು ಇಟ್ಟುಕೊಳ್ಳಿ.

— ಸಂಪಾದಕ