ಪ್ಯಾಂಟ್ ಮಾತ್ರ ಗಿಡ್ಡವಾಗುತ್ತಿದ್ದ ಹುಡುಗ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

"ಶರ್ಟು ಹೋದ ವರ್ಷದ್ದೇ ಆಗುತ್ತೆ ಮೇಡಂ. ಪ್ಯಾಂಟ್ ಮಾತ್ರ ಎರಡು ಸಲ ಅಂಚು ಬಿಚ್ಚಿಸಿದ್ದಾಯ್ತು" ಎಂದರು ತಾಯಿ. ಮಗನಿಗೆ 14 ವರ್ಷ. ಡಾಕ್ಟರ್ ಮಾಡಿಸಿದ ಕ್ರೋಮೋಸೋಮ್ ರಿಪೋರ್ಟ್ ಕೈಯಲ್ಲಿತ್ತು: 47,XXY. ಅಂದರೆ ಗಂಡುಮಕ್ಕಳಲ್ಲಿ ಸಾಮಾನ್ಯವಾಗಿರುವ ಒಂದು ಎಕ್ಸ್, ಒಂದು ವೈ ಕ್ರೋಮೋಸೋಮ್ ಜೊತೆಗೆ ಇನ್ನೊಂದು ಎಕ್ಸ್ ಇದೆ. ಇದಕ್ಕೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಎನ್ನುತ್ತಾರೆ.

ಹುಡುಗನ ಎತ್ತರ 176 ಸೆಂ.ಮೀ. ಅಪ್ಪ 168, ಅಮ್ಮ 155. ಎರಡನ್ನೂ ಕೂಡಿಸಿ, 13 ಸೇರಿಸಿ, ಅರ್ಧ ಮಾಡಿದರೆ ಮಗ ದೊಡ್ಡವನಾದಾಗ ಮುಟ್ಟಬಹುದಾದ ಎತ್ತರದ ಅಂದಾಜು ಸಿಗುತ್ತದೆ. ಇಲ್ಲಿ ಅದು 168. ಇವನು ಆಗಲೇ 8 ಸೆಂ.ಮೀ. ಮೀರಿದ್ದ. ಗೋಡೆಗೆ ಬೆನ್ನು ತಾಗಿಸಿ ಸ್ಟೂಲ್ ಮೇಲೆ ಕೂರಿಸಿದೆ. ಕೂತ ಎತ್ತರ 84. ಸಾಮಾನ್ಯವಾಗಿ ಇದು ಪೂರ್ತಿ ಎತ್ತರದ ಅರ್ಧಕ್ಕಿಂತ ತುಸು ಜಾಸ್ತಿ ಇರುತ್ತದೆ. ಇವನದು ಕಡಿಮೆ. ಬೆಳೆದದ್ದೆಲ್ಲ ಕಾಲೇ.

ಎಲುಬಿನ ಬೆಳವಣಿಗೆಗೆ ಬೇಕಾದ ಶಾಕ್ಸ್ ಎಂಬ ಜೀನು ಹೆಚ್ಚುವರಿ ಎಕ್ಸ್ ಜೊತೆ ಇನ್ನೊಂದು ಬಂದಿರುತ್ತದೆ. ಹಾಗಾಗಿ ಮೀಸೆ ಮೂಡುವ ಮೊದಲೇ ಕಾಲು ಉದ್ದವಾಗತೊಡಗುತ್ತದೆ. ಆಮೇಲೆ ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಕಡಿಮೆಯಾದರೆ ಎಲುಬಿನ ತುದಿಗಳು ತಡವಾಗಿ ಕೂಡಿಕೊಳ್ಳುತ್ತವೆ, ಇನ್ನಷ್ಟು ಬೆಳೆಯುತ್ತಾನೆ.

"ಉದ್ದ ಇದ್ದರೆ ಒಳ್ಳೇದೇ ಅಲ್ವಾ?" ಎಂದರು ತಂದೆ. ಎತ್ತರದಿಂದ ತೊಂದರೆ ಇಲ್ಲ, ಆದರೆ ಎಲ್ಲರೂ ಅದನ್ನೇ ನೋಡುತ್ತಾ ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಈ ಹುಡುಗನಿಗೆ ಕೂದಲು ಮೂಡಿತ್ತು, ದನಿ ಒಡೆದಿತ್ತು. ವೃಷಣ ಮಾತ್ರ 4 ಮಿ.ಲೀ. ಗಾತ್ರದಲ್ಲೇ ನಿಂತು ಗಟ್ಟಿಯಾಗಿತ್ತು ಎಂದು ಡಾಕ್ಟರ್ ಬರೆದಿದ್ದರು. ಈ ಹೊಂದಾಣಿಕೆ ಇಲ್ಲದಿರುವುದೇ ದೊಡ್ಡ ಸುಳಿವು. ಎದೆ ಸ್ವಲ್ಪ ಉಬ್ಬಿದ್ದಕ್ಕೆ ಅವನು ಆಟದ ಪಿರಿಯಡ್ ತಪ್ಪಿಸುತ್ತಿದ್ದ. ಅದು ಮನೆಯವರಿಗೆ ಗೊತ್ತೇ ಇರಲಿಲ್ಲ.

ಮಾತು ಬಂದದ್ದು ಮೂರು ವರ್ಷಕ್ಕೆ. ಈಗಲೂ ಉತ್ತರ ಗೊತ್ತಿರುತ್ತದೆ, ಪದ ಸಿಗುವುದಿಲ್ಲ. ಶಾಲೆಯಲ್ಲಿ ಅವನಿಗೆ 'ಸೋಮಾರಿ' ಎಂದು ಹೆಸರು. ಓದು-ಭಾಷೆಯ ಪರೀಕ್ಷೆ ಮಾಡಿಸಿ, ಆ ವರದಿ ತೋರಿಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಿ ಎಂದೆ. ನನಗೆ ಇದೇ ಮೊದಲ ಕೆಲಸ ಅನ್ನಿಸಿತು.

ತಾಯಿ ಮೆಲ್ಲಗೆ "ನನ್ನಿಂದ ಬಂತಾ?" ಎಂದರು. ಅಂಡ ಅಥವಾ ವೀರ್ಯಾಣು ಆಗುವಾಗ ಆಕಸ್ಮಿಕವಾಗಿ ಆಗುವುದು ಇದು. ಸುಮಾರು ಅರ್ಧ ಪ್ರಕರಣಗಳಲ್ಲಿ ತಂದೆಯ ಕಡೆಯಿಂದಲೇ ಬರುತ್ತದೆ. ಯಾರ ತಪ್ಪೂ ಇಲ್ಲ.

ಹಾರ್ಮೋನ್ ಡಾಕ್ಟರ್ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಮತ್ತು ವೃಷಣಕ್ಕೆ ಕೆಲಸ ಮಾಡಿಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳು ಎಷ್ಟಿವೆ ಎಂದು ನೋಡಿ, ಟೆಸ್ಟೋಸ್ಟೆರಾನ್ ಚಿಕಿತ್ಸೆ ಯಾವಾಗ ಎಂದು ಹೇಳುತ್ತಾರೆ. ಸ್ನಾಯು, ಎಲುಬಿಗೆ ಅದು ಸಹಾಯ ಮಾಡುತ್ತದೆ. ವೃಷಣ ದೊಡ್ಡದಾಗುವುದಿಲ್ಲ. ಉಳಿದಿರಬಹುದಾದ ವೀರ್ಯಾಣು ಉತ್ಪಾದನೆಯನ್ನೂ ಅದು ತಗ್ಗಿಸುತ್ತದೆ. ಅದಕ್ಕೇ ಶುರು ಮಾಡುವ ಮೊದಲೇ ಮಕ್ಕಳಾಗುವ ವಿಷಯ ಮಾತಾಡಿ ಎಂದೆ. ದೊಡ್ಡವರಾದ ಮೇಲೆ ಸೂಕ್ಷ್ಮ ಶಸ್ತ್ರಚಿಕಿತ್ಸೆಯಲ್ಲಿ ನೂರರಲ್ಲಿ ಸುಮಾರು 40 ಮಂದಿಗೆ ವೀರ್ಯಾಣು ಸಿಗುತ್ತದೆ.

ಹೊಟ್ಟೆಯ ಬೊಜ್ಜು, ಶುಗರ್, ಎಲುಬಿನ ಸಾಂದ್ರತೆ ಆಗಾಗ ನೋಡಿಸಬೇಕು. ಒಂದೇ ಕಾಲು ಊದಿಕೊಂಡು ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಅಷ್ಟೂ ಹೊತ್ತು ಸುಮ್ನೆ ಕೂತಿದ್ದ ಹುಡುಗ ಕೊನೆಗೆ ಕೇಳಿದ: "ಇದನ್ನ ಕ್ಲಾಸಲ್ಲಿ ಹೇಳ್ಬೇಕಾ?" ಬೇಡ, ಯಾರಿಗೆ ಹೇಳುವುದೆಂದು ನೀನೇ ತೀರ್ಮಾನಿಸು ಎಂದೆ.