ಇರಲೇಬೇಕಾದ್ದು ಯಾವುದು, ಇದ್ದರೆ ಇರಲಿ ಅಂತ ಸೇರಿಸಿದ್ದು ಯಾವುದು

ಪ್ರಶ್ನೆ: ಬಿ.ಕಾಂ. ಮುಗಿಸಿ ದಾವಣಗೆರೆಯಲ್ಲಿ ಆಡಿಟರ್ ಆಫೀಸಿನಲ್ಲಿ 2 ವರ್ಷದಿಂದ ಇದ್ದೀನಿ. ಪೀಣ್ಯದ ಒಂದು ಫ್ಯಾಕ್ಟರಿಯವರು ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕು ಅಂತ ಹಾಕಿದ್ದಾರೆ. 3ರಿಂದ 5 ವರ್ಷ ಅನುಭವ, ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಅಡ್ವಾನ್ಸ್ಡ್ ಎಕ್ಸೆಲ್, ಸ್ಯಾಪ್, ಪವರ್ ಬಿಐ ಕೇಳಿದ್ದಾರೆ, ಸಿಎ ಇಂಟರ್ ಆಗಿದ್ದರೆ ಆದ್ಯತೆ ಅಂತೆ. ಸಂಬಳ 25ರಿಂದ 30 ಸಾವಿರ. ಕೆಲಸದ ವಿವರ ಪೂರ್ತಿ ಜೊತೆಗೆ ಕಳಿಸಿದ್ದೀನಿ. ಅರ್ಧ ನನಗೆ ಬರಲ್ಲ. ನಿಜವಾಗ್ಲೂ ಬೇಕಾಗಿರೋದು ಯಾವುದು?

ಉತ್ತರ:

ಅಪ್ಲೈ ಮಾಡಿ. ಆ ಪಟ್ಟಿಯಲ್ಲಿ ನಿಮಗೆ ಬರದೇ ಇರುವುದರ ಪೈಕಿ ಹೆಚ್ಚಿನದು ಅವರಿಗೂ ಈಗ ಬೇಕಾಗಿಲ್ಲ. ಬೇಕಾಗಿರುವ ಒಂದು ವಿಷಯ ಪಟ್ಟಿಯಲ್ಲೇ ಇಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ನಾನೂ ಇಂಥದೇ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಸೆಕ್ಷನ್ನಿಗೆ ಜನ ಬೇಕಾದಾಗ ಎಚ್‌ಆರ್‌ಗೆ ನಾನು ವಾಟ್ಸಾಪ್‌ನಲ್ಲಿ ಕಳಿಸುವುದು ಮೂರೋ ನಾಲ್ಕೋ ಸಾಲು: ಟ್ಯಾಲಿ ಗೊತ್ತಿರಬೇಕು, ಜಿಎಸ್‌ಟಿ ಕೆಲಸ ತಾನೇ ಮಾಡಬೇಕು, ವೆಂಡರ್‌ಗಳ ಜೊತೆ ಮಾತಾಡೋಕೆ ಹಿಂಜರಿಯಬಾರದು, ಬೇಗ ಸೇರಬೇಕು. ಎಚ್‌ಆರ್ ಹಳೆಯ ಜಾಹೀರಾತೊಂದನ್ನು ತೆಗೆದು ಅದರೊಳಗೆ ಇದನ್ನು ಸೇರಿಸುತ್ತಾರೆ. ಕೆಲಸ ಬಿಟ್ಟು ಹೋಗುವ ಹುಡುಗನಿಗೆ ಪವರ್ ಬಿಐ ಬರುತ್ತಿತ್ತಾ, ಅದೂ ಬರುತ್ತದೆ. ಸಾಹೇಬರು ನೋಡಿ "ಮುಂದಕ್ಕೆ ಸ್ಯಾಪ್ ತಗೊಳ್ತೀವಲ್ಲ, ಅದನ್ನೂ ಹಾಕಿ" ಅಂತಾರೆ. ಹೀಗೆ ಪೋರ್ಟಲ್‌ಗೆ ಏರುವ ಹೊತ್ತಿಗೆ ಅದರಲ್ಲಿ ಮೂರು ಜನರ ಕೈವಾಡ ಇರುತ್ತದೆ. ನೀವು ಹುಡುಕಬೇಕಾದ್ದು ಅಕೌಂಟ್ಸ್‌ನವನು ಬರೆದ ಸಾಲುಗಳನ್ನು.

ಅವು ಸ್ಕಿಲ್ಸ್ ಪಟ್ಟಿಯಲ್ಲಿ ಸಿಗುವುದು ಕಡಿಮೆ, ಕೆಲಸದ ವಿವರದಲ್ಲಿ ಸಿಗುತ್ತವೆ. ನೀವು ಕಳಿಸಿರುವ ವಿವರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ಸಾಲು. ಒಂದು, "ಪ್ರತಿ ತಿಂಗಳು ಜಿಎಸ್‌ಟಿಆರ್-2ಬಿ ಜೊತೆ ಪರ್ಚೇಸ್ ರಿಜಿಸ್ಟರ್ ರಿಕನ್ಸೈಲ್ ಮಾಡುವುದು, ವೆಂಡರ್ ಫಾಲೋಅಪ್". ಇನ್ನೊಂದು, "ಇ-ಇನ್‌ವಾಯ್ಸ್, ಇ-ವೇ ಬಿಲ್ ಮಾಡಿ ಡಿಸ್ಪ್ಯಾಚ್‌ಗೆ ಕೊಡುವುದು". ಈ ಕೆಲಸ ಮಾಡಿ ಗೊತ್ತಿಲ್ಲದವರು ಹೀಗೆ ಬರೆಯಲಾರರು. "ಹಣಕಾಸು ವರದಿಗಳ ತಯಾರಿ", "ಮ್ಯಾನೇಜ್‌ಮೆಂಟ್ ಹೇಳಿದ ಇತರ ಕೆಲಸ" ಇಂಥವನ್ನು ಯಾವ ಕಂಪನಿಯ ಜಾಹೀರಾತಿಗೆ ಬೇಕಾದರೂ ಅಂಟಿಸಬಹುದು, ಅದರಿಂದ ನಿಮಗೇನೂ ತಿಳಿಯುವುದಿಲ್ಲ.

ಈಗ ಒಂದೊಂದು ಕೆಲಸವನ್ನೂ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ: ಹೊಸಬರಿಗೆ ಇದು ಬರದೇ ಹೋದರೆ ಯಾವ ತಾರೀಕಿಗೆ ಏನು ನಿಲ್ಲುತ್ತದೆ? ಇ-ಇನ್‌ವಾಯ್ಸ್ ಅಂತ ಇದೆ ಅಂದರೆ ಅವರ ವಹಿವಾಟು ಯಾವುದೋ ಒಂದು ವರ್ಷ 5 ಕೋಟಿ ದಾಟಿದೆ, ಹಾಗಾಗಿ ಮೂರು ತಿಂಗಳಿಗೊಮ್ಮೆಯಲ್ಲ, ಬಹುಪಾಲು ಪ್ರತಿ ತಿಂಗಳೂ ರಿಟರ್ನ್ ಹಾಕುವವರೇ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 14ಕ್ಕೆ 2ಬಿ ಬರುತ್ತದೆ, 20ಕ್ಕೆ 3ಬಿ. 14ರಿಂದ 20ರೊಳಗೆ ಯಾವ ಬಿಲ್ಲಿನ ಕ್ರೆಡಿಟ್ ಸಿಗುತ್ತದೆ, ಯಾವುದರದ್ದು ಇಲ್ಲ ಅಂತ ತೀರ್ಮಾನ ಆಗಬೇಕು. ವೆಂಡರ್ ತನ್ನ ರಿಟರ್ನ್‌ನಲ್ಲಿ ನಮ್ಮ ಬಿಲ್ ತೋರಿಸದಿದ್ದರೆ ಅದು 2ಬಿಯಲ್ಲಿ ಬರುವುದಿಲ್ಲ, ಆ ತಿಂಗಳು ಅದರ ತೆರಿಗೆಯಷ್ಟು ದುಡ್ಡು ನಮ್ಮ ಕೈಯಿಂದ ಹೋಗುತ್ತದೆ. 3ಬಿ ತಡವಾದರೆ ಲೇಟ್ ಫೀ ಬೇರೆ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಬೇರೆ. ಹಾಗಾಗಿ ಜಿಎಸ್‌ಟಿ, ಟಿಡಿಎಸ್ ಎರಡೂ ಇರಲೇಬೇಕಾದವು. ಪವರ್ ಬಿಐ ಬರದಿದ್ದರೆ ಯಾವ ತಾರೀಕಿಗೆ ಏನು ನಿಲ್ಲುತ್ತದೆ? ನಿಮ್ಮ ವಿವರದಲ್ಲಿ ಅದರ ಹೆಸರೇ ಇಲ್ಲ. ಬಿಟ್ಟುಬಿಡಿ.

ಎಕ್ಸೆಲ್ ವಿಷಯ ಸ್ವಲ್ಪ ಬೇರೆ. "ಅಡ್ವಾನ್ಸ್ಡ್" ಅನ್ನುವುದು ಎಚ್‌ಆರ್ ಸೇರಿಸಿದ್ದು, ಆದರೆ ಎಕ್ಸೆಲ್ ಬೇಕಾಗಿರುವುದು ನಿಜ. ಎಷ್ಟು ಬೇಕು ಅಂತ 2ಬಿ ಕೆಲಸವೇ ಹೇಳುತ್ತದೆ. ನಿಮ್ಮ ಟ್ಯಾಲಿಯಲ್ಲಿ ಬಿಲ್ ನಂಬರ್ `AB/045/25-26` ಅಂತ ಎಂಟ್ರಿ ಆಗಿರುತ್ತದೆ, ವೆಂಡರ್ ರಿಟರ್ನ್‌ನಲ್ಲಿ ಬರೀ `45` ಅಂತ ಹಾಕಿರುತ್ತಾನೆ. `VLOOKUP` ಹಾಕಿದರೆ `#N/A` ಬರುತ್ತದೆ, ಬಿಲ್ ಮಾತ್ರ ಕಣ್ಣೆದುರೇ ಇರುತ್ತದೆ. ಆಗ ವೆಂಡರ್‌ನ ಜಿಎಸ್‌ಟಿ ನಂಬರನ್ನೂ ತೆರಿಗೆ ಮೊತ್ತವನ್ನೂ ಜೋಡಿಸಿ ಒಂದು ಕಾಲಂ ಮಾಡಿಕೊಂಡು ಹುಡುಕಬೇಕು. ಪೈಸೆಯ ವ್ಯತ್ಯಾಸ ಕಾಟ ಕೊಡದಂತೆ ರೌಂಡ್ ಮಾಡಬೇಕು:

```
=A2&"-"&ROUND(F2,0)
```

ಒಬ್ಬನೇ ವೆಂಡರ್‌ನ ಎರಡು ಬಿಲ್ಲಿಗೆ ಒಂದೇ ಮೊತ್ತ ಇದ್ದರೆ ಇದೂ ಕೈಕೊಡುತ್ತದೆ, ಅದನ್ನು `COUNTIF` ಹಾಕಿ ಹಿಡಿಯಬೇಕು. ಇಷ್ಟು ಬಂದರೆ, ಜೊತೆಗೆ ಪಿವೋಟ್ ಟೇಬಲ್ ಬಂದರೆ, ಈ ಕೆಲಸಕ್ಕೆ ಸಾಕು. ಮ್ಯಾಕ್ರೋ ಬರಲ್ಲ ಅಂತ ಹಿಂದೆ ಸರಿಯಬೇಡಿ. ನಾನು ಇಂಟರ್‌ವ್ಯೂನಲ್ಲಿ ಕೇಳುವುದೂ ಇದನ್ನೇ, "ಎಕ್ಸೆಲ್‌ನಲ್ಲಿ ಹತ್ತಕ್ಕೆ ಎಷ್ಟು" ಅಂತ ಕೇಳಿ ಏನು ಪ್ರಯೋಜನ?

ಸ್ಯಾಪ್ ಬಗ್ಗೆ ಎಚ್ಚರ ಇರಲಿ, ಅದು ಎರಡೂ ಕಡೆ ಬೀಳಬಹುದು. ವಿವರದಲ್ಲಿ "ಸ್ಯಾಪ್‌ನಲ್ಲಿ ವೆಂಡರ್ ಬಿಲ್ ಪೋಸ್ಟ್ ಮಾಡುವುದು" ಅಂತಲೋ, `MIRO`, `FB60`, `F110` ಅಂತಲೋ ಇದ್ದರೆ ಆ ಕಂಪನಿ ಈಗಲೇ ಸ್ಯಾಪ್‌ನಲ್ಲಿ ಓಡುತ್ತಿದೆ, ಬರದವರನ್ನು ತಗೊಳ್ಳುವುದು ಕಷ್ಟ. ನಿಮ್ಮ ವಿವರದಲ್ಲಿ ಹಾಗೇನೂ ಇಲ್ಲ. ಇರುವುದು "ಟ್ಯಾಲಿಯಲ್ಲಿ ದಿನದ ಎಂಟ್ರಿ" ಅಂತ. ಬುಕ್ಸ್ ಟ್ಯಾಲಿಯಲ್ಲಿದ್ದ ಮೇಲೆ ಸ್ಯಾಪ್ ಮುಂದಿನ ಯೋಜನೆ ಇರಬೇಕು, ಅಥವಾ ಹಳೆಯ ಜಾಹೀರಾತಿನಿಂದ ಉಳಿದದ್ದು.

ಸಿಎ ಇಂಟರ್‌ಗೆ ಉತ್ತರ ಸಂಬಳದ ಸಾಲಿನಲ್ಲೇ ಇದೆ. ಬೆಂಗಳೂರಿನಲ್ಲಿ ಇಂಟರ್ ಪಾಸಾಗಿ ಆರ್ಟಿಕಲ್‌ಶಿಪ್ ಮುಗಿಸಿದವರು 25 ಸಾವಿರಕ್ಕೆ ಬಂದು ಕೂರುತ್ತಾರೆ ಅಂತ ಅವರೂ ನಂಬಿರಲಾರರು. ಆಡಿಟರ್ ಬಂದಾಗ ಅವರ ಭಾಷೆ ಅರ್ಥ ಆಗುವವರು ಇರಲಿ ಅನ್ನುವುದು ಅವರ ಆಸೆ, ಆಡಿಟರ್ ಆಫೀಸಿನಿಂದ ಬರುವ ನಿಮಗೆ ಅದು ಈಗಾಗಲೇ ಇದೆ. 3 ವರ್ಷ ಅನ್ನುವುದೂ ಹಾಗೇ: ಮಾರ್ಚ್ ಕ್ಲೋಸಿಂಗ್ ಮತ್ತು ಆಡಿಟ್ ಪೂರ್ತಿಯಾಗಿ ನೋಡಿದವರು ಬೇಕು ಅಂತ ಅರ್ಥ. ಕಂಪನಿಯೊಂದರಲ್ಲಿ ಇದ್ದವನು 2 ವರ್ಷದಲ್ಲಿ ಎರಡು ಕ್ಲೋಸಿಂಗ್ ನೋಡಿದರೆ, ನೀವು ಎಷ್ಟೋ ಕ್ಲೈಂಟ್‌ಗಳದ್ದು ನೋಡಿದ್ದೀರಿ. ತೊಂದರೆ ಇರುವುದು ಪೋರ್ಟಲ್‌ನಲ್ಲಿ. "ನಿಮಗೆ ಎಷ್ಟು ವರ್ಷ ಅನುಭವ" ಅಂತ ಅಪ್ಲೈ ಮಾಡುವಾಗ ಬಾಕ್ಸ್ ಬಂದರೆ, ಕಡಿಮೆ ಇರುವವರ ಅರ್ಜಿ ಕೆಳಗೆ ಹೋಗುವಂತೆ ಇಟ್ಟಿರಬಹುದು. ಹಾಗೆ ಪ್ರತ್ಯೇಕವಾಗಿ ಕೇಳುವ ಪ್ರಶ್ನೆಗಳನ್ನು ಪಟ್ಟಿಗಿಂತ ಗಂಭೀರವಾಗಿ ತಗೊಳ್ಳಿ, ಯಾಕೆಂದರೆ ಅದನ್ನು ಯಾರೋ ಕೂತು ಆರಿಸಿ ಹಾಕಿರುತ್ತಾರೆ. ಸುಳ್ಳು ಬರೆಯಬೇಡಿ, ರಿಲೀವಿಂಗ್ ಲೆಟರ್ ತಾರೀಕಿನಲ್ಲಿ ಸಿಕ್ಕಿಬೀಳುತ್ತೀರಿ. 2 ಅಂತಲೇ ಹಾಕಿ, ಎಚ್‌ಆರ್‌ಗೆ ಫೋನ್ ಮಾಡಿ.

ಈಗ ಪಟ್ಟಿಯಲ್ಲಿ ಇಲ್ಲದ್ದು. ಇ-ಇನ್‌ವಾಯ್ಸ್, ಇ-ವೇ ಬಿಲ್ ನಿಮ್ಮ ಸ್ಕಿಲ್ಸ್ ಪಟ್ಟಿಯಲ್ಲಿ ಎಲ್ಲೂ ಬಂದಿಲ್ಲ, ಎಚ್‌ಆರ್‌ಗೆ ಅದು ಜಿಎಸ್‌ಟಿಯೊಳಗೆ ಬಂದ ಹಾಗೆ. ಫ್ಯಾಕ್ಟರಿಗೆ ಅದೇ ದಿನನಿತ್ಯದ ತಲೆನೋವು. ಸಂಜೆ ಆರಕ್ಕೆ ಗಾಡಿ ಲೋಡ್ ಆಗಿ ಗೇಟಿನಲ್ಲಿ ನಿಂತಿರುತ್ತದೆ, ಕಾಗದ ಆಗದೆ ಹೊರಡುವಂತಿಲ್ಲ. ಇನ್‌ವಾಯ್ಸ್‌ನಲ್ಲಿ ತಪ್ಪಾದರೆ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ, ಆಮೇಲೆ ಕ್ರೆಡಿಟ್ ನೋಟ್ ದಾರಿ. ಆಡಿಟರ್ ಆಫೀಸಿನಲ್ಲಿ ರಿಟರ್ನ್ ಹಾಕಿರುತ್ತೀರಿ, ಬಿಲ್ ಮಾಡುವುದು ಕ್ಲೈಂಟ್ ಆಗಿರುತ್ತಾನೆ, ಹಾಗಾಗಿ ನಿಮಗೆ ನಿಜವಾಗಿ ಕೊರತೆ ಇರುವುದು ಇಲ್ಲಿ. ಯಾವುದಾದರೂ ಕ್ಲೈಂಟ್ ಹತ್ತಿರ ಒಂದು ವಾರ ಸಂಜೆ ಹೋಗಿ ಕೂತು ಟ್ಯಾಲಿಯಿಂದ ಅವರು ಹೇಗೆ ಮಾಡುತ್ತಾರೆ ಅಂತ ನೋಡಿ. ಇಂಟರ್‌ವ್ಯೂಗೆ ಪವರ್ ಬಿಐ ವಿಡಿಯೋ ನೋಡಿ ಕಳೆಯುವ ಸಮಯ ಇದಕ್ಕೆ ಕೊಡಿ. "ಪೀಣ್ಯ ಸುತ್ತಮುತ್ತ ಇರುವವರಿಗೆ ಆದ್ಯತೆ" ಅಂತ ಕೊನೆಗೆ ಸಣ್ಣದಾಗಿ ಬರೆದಿದ್ದಾರಲ್ಲ, ಅದೂ ಇದೇ ಕಾರಣಕ್ಕೆ, ಅದನ್ನು ಹಗುರವಾಗಿ ತಗೊಳ್ಳಬೇಡಿ. ಮನೆ ಎಲ್ಲಿ ಮಾಡ್ತೀರಿ ಅಂತ ಖಂಡಿತ ಕೇಳುತ್ತಾರೆ.

ಫೋನ್ ಮಾಡಿದಾಗ "ನನಗೆ ಸ್ಯಾಪ್ ಬರಲ್ಲ, ಪರವಾಗಿಲ್ವಾ" ಅಂತ ಕೇಳಬೇಡಿ, ಎಚ್‌ಆರ್ ಪಟ್ಟಿ ನೋಡಿ ಬೇಕು ಅಂದುಬಿಡುತ್ತಾರೆ. "ಮೇಡಂ, ಈಗ ಬುಕ್ಸ್ ಟ್ಯಾಲಿಯಲ್ಲಿ ಇದೆಯಾ, ಸ್ಯಾಪ್‌ನಲ್ಲಾ? 3ಬಿ ನಿಮ್ಮಲ್ಲೇ ಹಾಕ್ತೀರಾ, ಆಡಿಟರ್ ಹಾಕ್ತಾರಾ?" ಅಂತ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಅಕೌಂಟ್ಸ್‌ನವರಿಗೇ ಫೋನ್ ಕೊಡುತ್ತಾರೆ, ನಿಮಗೆ ಬೇಕಾಗಿರುವುದೂ ಅದೇ. ರಿಟರ್ನ್ ಹೊರಗಿನ ಆಡಿಟರ್ ಹಾಕುತ್ತಾರೆ ಅಂದರೆ ನಾನು ಮೇಲೆ ಹೇಳಿದ ಲೆಕ್ಕ ಬದಲಾಗುತ್ತದೆ: ಅಲ್ಲಿ ಬೇಕಾಗಿರುವುದು ಬಿಲ್ಲಿಂಗ್ ಮತ್ತು ಎಂಟ್ರಿ ಮಾಡುವವರು, ನಿಮ್ಮ ಅನುಭವಕ್ಕೆ ಆ ಕೆಲಸ ಚಿಕ್ಕದಾಗಬಹುದು.

ಈ ಓದು ಎಲ್ಲ ಕಡೆ ನಡೆಯುವುದಿಲ್ಲ. ಕನ್ಸಲ್ಟೆನ್ಸಿಯವರು ಕಂಪನಿ ಹೆಸರಿಲ್ಲದೆ ಹಾಕುವ ಜಾಹೀರಾತಿನಲ್ಲಿ ಕೆಲಸದ ವಿವರವೂ ಎಲ್ಲಿಂದಲೋ ಎತ್ತಿದ್ದಾಗಿರುತ್ತದೆ, ಒಂದು ಸಾಲನ್ನು ಗೂಗಲ್‌ಗೆ ಹಾಕಿದರೆ ಗೊತ್ತಾಗುತ್ತದೆ. ಸರ್ಕಾರಿ ನೇಮಕಾತಿಯಲ್ಲಂತೂ ಅಧಿಸೂಚನೆಯಲ್ಲಿ ಇದ್ದದ್ದೇ ವಿದ್ಯಾರ್ಹತೆ, ಅಲ್ಲಿ ಯಾರ ಆಸೆಯನ್ನೂ ಹುಡುಕುವ ಹಾಗಿಲ್ಲ. ಕಾನೂನು ಕೇಳುವುದೂ ಹಾಗೇ. ಫಾರ್ಮಸಿಸ್ಟ್ ಕೆಲಸಕ್ಕೆ ಕೌನ್ಸಿಲ್ ನೋಂದಣಿ ಇಲ್ಲದೆ ಮಾಲೀಕ ಒಪ್ಪಿದರೂ ನಡೆಯದು.

ಇದೇ ಕಂಪನಿ ಇದೇ ಕೆಲಸವನ್ನು ಮೊದಲೂ ಹಾಕಿತ್ತಾ ಅಂತ ಒಮ್ಮೆ ಹುಡುಕಿ. ಜನ ಸಿಗದೆ ಎರಡನೇ ಸಲ ಹಾಕುವಾಗ ಕೆಲವು ಬೇಡಿಕೆ ಉದುರಿರುತ್ತವೆ. ನೀವು ನೋಡಿರುವುದೇ ಮೊದಲನೆಯದಾದರೆ ಮತ್ತು ಈ ಸಲ ಕರೆ ಬರದಿದ್ದರೆ, ಒಂದು ತಿಂಗಳು ಬಿಟ್ಟು ಮತ್ತೆ ನೋಡಿ, ಮತ್ತೆ ಹಾಕಿ.