−0.51 ಎಂದರೆ ಶೇ 51 ಇಳಿಕೆಯಲ್ಲ

ಪ್ರಶ್ನೆ: ನನ್ನ ಡೇಟಾ ಬಲಕ್ಕೆ ವಿಪರೀತ ವಾಲಿತ್ತು. ಲಾಗ್ ತೆಗೆದ ಮೇಲೆ ಹಿಸ್ಟೋಗ್ರಾಮ್ ಗಂಟೆಯ ಆಕಾರಕ್ಕೆ ಬಂತು. ಈಗ ಒಂದು ಹೌದು/ಇಲ್ಲ ಅಂಶದ ಗುಣಾಂಕ 0.47 ಬಂದಿದೆ. ಇದನ್ನು ಶೇ 47 ಹೆಚ್ಚಳ ಎಂದು ಬರೆಯಬಹುದೇ?

ಬರೆಯಬೇಡಿ, ಅದು ಶೇ 60. ಇದೇ ಲೆಕ್ಕವನ್ನು ಹೀಗೆಯೇ ಬರೆದು ಕೈಸುಟ್ಟುಕೊಂಡವನು ನಾನು.

ಗ್ರಾಹಕರ ದೂರುಗಳನ್ನು ನಿಭಾಯಿಸುವ ಒಂದು ಕಚೇರಿಯಲ್ಲಿದ್ದೆ. ಪ್ರತಿ ದೂರಿನ ಮೇಲೆ ಸಿಬ್ಬಂದಿ ಎಷ್ಟು ನಿಮಿಷ ಕೆಲಸ ಮಾಡಿದರು ಎಂಬುದು ನನ್ನ ಡೇಟಾ. ಬಹುಪಾಲು ದೂರುಗಳು ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತಿದ್ದವು, ಕೆಲವು ಮಾತ್ರ ದಿನಗಟ್ಟಲೆ ಜೀವ ಹಿಂಡುತ್ತಿದ್ದವು. ಲಾಗ್ ತೆಗೆದು ರಿಗ್ರೆಶನ್ ಮಾಡಿದೆ. ಹೊಸ ಕಾರ್ಯವಿಧಾನದ ಗುಣಾಂಕ −0.51 ಬಂತು. ‘ಲಾಗ್ ಇದ್ದರೆ ನೂರರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ’ ಎಂದು ಯಾರೋ ಹೇಳಿದ್ದು ಕಿವಿಯಲ್ಲಿತ್ತು. ಶೇ 51 ಇಳಿಕೆ ಎಂದು ವರದಿಯಲ್ಲಿ ಬರೆದುಬಿಟ್ಟೆ. ಕೆಲಸ ಅರ್ಧಕ್ಕಿಳಿದಿದೆ ಎಂದು ಇಪ್ಪತ್ತು ಜನರಲ್ಲಿ ಹತ್ತು ಜನರನ್ನು ಬೇರೆಡೆಗೆ ಕಳುಹಿಸಿದರು. ಮೂರನೆಯ ವಾರಕ್ಕೆ ದೂರುಗಳು ರಾಶಿ ಬಿದ್ದವು. ಉಳಿದವರಿಗೆ ಹೊಸ ವಿಧಾನ ಇನ್ನೂ ಒಗ್ಗಿಲ್ಲ ಎಂದು ನಾನು ಮೊದಲು ಅವರನ್ನೇ ದೂರಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಪ್ಪು ಹೊಳೆದದ್ದು ಅದೇ ಕೋಷ್ಟಕದ ಇನ್ನೊಂದು ಸಾಲಿನಿಂದ. ಹಿಂದೊಮ್ಮೆ ಬಂದು ಮತ್ತೆ ದಾಖಲಾದ ದೂರುಗಳ ಗುಣಾಂಕ −1.2 ಇತ್ತು. ನನ್ನ ಸೂತ್ರದಂತೆ ಅದು ಶೇ 120 ಇಳಿಕೆ. ಅಂದರೆ ಗುಮಾಸ್ತ ಫೈಲು ತೆರೆಯುವ ಮೊದಲೇ ಕೆಲಸ ಮುಗಿದು, ಮೇಲೆ ಒಂದಷ್ಟು ನಿಮಿಷ ಉಳಿದಿರಬೇಕು!

ಲಾಗ್‌ಗಳ ವ್ಯತ್ಯಾಸ ಎಂದರೆ ಅನುಪಾತದ ಲಾಗ್. ಹತ್ತು ನಿಮಿಷದ ಕೆಲಸ ಆರಕ್ಕಿಳಿದರೆ ಇಳಿಕೆ ಶೇ 40. ಆರರಿಂದ ಹತ್ತಕ್ಕೇರಿದರೆ ಏರಿಕೆ ಶೇ 67. ಲಾಗ್‌ನ ಕಣ್ಣಿಗೆ ಮಾತ್ರ ಎರಡೂ ಒಂದೇ ದೂರ, 0.51. ಶೇಕಡಾವಾರು ಲೆಕ್ಕ ಎಲ್ಲಿಂದ ಹೊರಟಿರಿ ಎಂಬುದನ್ನು ನೋಡುತ್ತದೆ, ಲಾಗ್ ನೋಡುವುದಿಲ್ಲ. ನಾನು ಬರೆದ 51 ಈ 40ಕ್ಕೂ 67ಕ್ಕೂ ನಡುವೆ ಎಲ್ಲೋ ನೇತಾಡುವ, ಯಾವ ಕಡೆಗೂ ಸಲ್ಲದ ಸಂಖ್ಯೆ. ಸರಿಯಾದ ಲೆಕ್ಕ ಒಂದೇ ಸಾಲು:

```
100 * (exp(b) - 1)
```

−0.51 ಹಾಕಿದರೆ ಶೇ 40 ಇಳಿಕೆ, −1.2 ಹಾಕಿದರೆ ಶೇ 70 ಇಳಿಕೆ. ಎಷ್ಟೇ ದೊಡ್ಡ ಋಣ ಸಂಖ್ಯೆ ಹಾಕಿದರೂ ಇಳಿಕೆ ನೂರನ್ನು ದಾಟುವುದಿಲ್ಲ. ಗುಣಾಂಕ 0.05ರಷ್ಟು ಚಿಕ್ಕದಿದ್ದರೆ ಉತ್ತರ 5.1, ಆಗ ನೂರರಿಂದ ಗುಣಿಸಿದರೂ ನಡೆಯುತ್ತದೆ. ಆ ಅಡ್ಡದಾರಿ ಹುಟ್ಟಿದ್ದೇ ಅಲ್ಲಿ. 0.1 ದಾಟಿದ ಮೇಲೆ ಅದನ್ನು ನಂಬಬೇಡಿ. ಕಾನ್ಫಿಡೆನ್ಸ್ ಇಂಟರ್ವಲ್‌ನ ಎರಡು ತುದಿಗಳನ್ನೂ ಇದೇ ಸಾಲಿಗೆ ಹಾಕಿ. ನನ್ನ ಗುಣಾಂಕದ ಸ್ಟ್ಯಾಂಡರ್ಡ್ ಎರರ್ 0.10 ಇತ್ತು. ಹಾಗೆ ಹಾಕಿದಾಗ ಶೇ 27ರಿಂದ 51ರವರೆಗಿನ ಇಳಿಕೆ ಸಿಕ್ಕಿತು. ನಾನು ಖಚಿತವೆಂದು ಬರೆದ ಸಂಖ್ಯೆ ಸಾಧ್ಯತೆಯ ಕಟ್ಟಕಡೆಯ ಅಂಚಿನಲ್ಲಿ ಕುಳಿತಿತ್ತು.

ಒಂದು ಎಚ್ಚರಿಕೆ: ಇದೆಲ್ಲ ಸ್ವಾಭಾವಿಕ ಲಾಗ್‌ಗೆ ಮಾತ್ರ. R ಭಾಷೆಯ `log` ಅದೇ. ಎಕ್ಸೆಲ್‌ನ `LOG` ಮಾತ್ರ ಹತ್ತರ ಆಧಾರದ್ದು, ಅಲ್ಲಿ `LN` ಬಳಸಬೇಕು.

ಇನ್ನು ನಿಮ್ಮ ಹಿಸ್ಟೋಗ್ರಾಮ್ ವಿಷಯ. ಅದು ಗಂಟೆಯ ಆಕಾರಕ್ಕೆ ಬಂತೆಂಬುದು ಲಾಗ್ ತೆಗೆಯಲು ಕಾರಣವೇ ಅಲ್ಲ. ರಿಗ್ರೆಶನ್ ಎಂದೂ ಮೂಲ ಡೇಟಾ ಗಂಟೆಯಾಕಾರದಲ್ಲಿರಲಿ ಎಂದು ಕೇಳಿಲ್ಲ. ಕೇಳುವುದಿದ್ದರೆ ಮಾದರಿ ವಿವರಿಸಿದ ಮೇಲೆ ಉಳಿಯುವ ವ್ಯತ್ಯಾಸಗಳ ಬಗ್ಗೆ ಕೇಳುತ್ತದೆ. ಪರಿಣಾಮವು ಕೂಡುವ ಬದಲು ಗುಣಿಸುವ ರೀತಿಯಲ್ಲಿ ಕೆಲಸ ಮಾಡುತ್ತದೆ ಎಂದು ನಿಮಗೆ ಅನ್ನಿಸಿದರೆ ಲಾಗ್ ತೆಗೆಯಿರಿ. ಚಿತ್ರ ಚೆಂದ ಕಾಣಲೆಂದು ಬೇಡ.

ಲಾಗ್ ತೆಗೆದ ಮೇಲೆ ನೀವು ಹೋಲಿಸುವುದು ಗುಣೋತ್ತರ ಸರಾಸರಿಗಳನ್ನು. ಮಾಮೂಲಿ ಸರಾಸರಿಯ ಕಥೆ ಬೇರೆ. ಒಟ್ಟು ಎಷ್ಟು ನಿಮಿಷದ ಕೆಲಸ ಎಂದು ತಿಳಿಯಲು ಬೇಕಾಗುವುದು ಮಾತ್ರ ಮಾಮೂಲಿ ಸರಾಸರಿಯೇ. ಶೇ 40 ಎಂದು ತಿದ್ದಿ, ಹನ್ನೆರಡು ಜನ ಸಾಕು ಎಂದು ಹೇಳಲು ಹೊರಟಿದ್ದ ನನ್ನನ್ನು ಹಿರಿಯ ಸಹೋದ್ಯೋಗಿಯೊಬ್ಬರು ತಡೆದು, ಲಾಗ್ ಲಿಂಕ್ ಇರುವ ಪಾಯ್ಸನ್ ರಿಗ್ರೆಶನ್ ಮಾಡಿಸಿದರು. ಅದು ನೇರವಾಗಿ ಸರಾಸರಿಯನ್ನೇ ಹಿಡಿಯುತ್ತದೆ, ಮೌಲ್ಯ ಸೊನ್ನೆ ಇದ್ದರೂ ತಕರಾರಿಲ್ಲ. ಗುಣಾಂಕ −0.29 ಬಂತು, ಅಂದರೆ ಶೇ 25 ಇಳಿಕೆ. ಹೊಸ ವಿಧಾನ ಸಣ್ಣ ದೂರುಗಳನ್ನು ಬೇಗ ಮುಗಿಸುತ್ತಿತ್ತು, ದಿನಗಟ್ಟಲೆ ಎಳೆಯುವ ಆ ಕೆಲವನ್ನು ಮುಟ್ಟಿಯೇ ಇರಲಿಲ್ಲ. ಒಟ್ಟು ಸಮಯದ ದೊಡ್ಡ ಪಾಲು ಇದ್ದದ್ದು ಅವುಗಳಲ್ಲೇ. ಆ ಕೋಣೆಯಲ್ಲಿ ಉಳಿಯಬೇಕಿದ್ದವರು ಹತ್ತಲ್ಲ, ಹನ್ನೆರಡೂ ಅಲ್ಲ, ಹದಿನೈದು ಜನ.